ಸೊನ್ನೆಯ ಕೆಳಗೆ ಸೊನ್ನೆ: naⁿ⁻¹ ಬರುವ ದಾರಿ

ಮೊದಲ ಪಿಯುಸಿಯ ಗಣಿತ ಪುಸ್ತಕದಲ್ಲಿ ಮಿತಿ ಮತ್ತು ಅವಕಲನದ ಅಧ್ಯಾಯ ಶುರುವಾಗಿ ಕೆಲವು ಪುಟ ದಾಟುವಷ್ಟರಲ್ಲಿ ಒಂದು ಪ್ರಮೇಯ ಎದುರಾಗುತ್ತದೆ. n ಯಾವುದೇ ಧನ ಪೂರ್ಣಾಂಕವಾಗಿರಲಿ,

lim (x → a) (xⁿ − aⁿ)/(x − a) = n aⁿ⁻¹

ಮಾತಿನಲ್ಲಿ ಹೇಳುವುದಾದರೆ, x ಎಂಬ ಸಂಖ್ಯೆ a ಗೆ ಹತ್ತಿರ ಹತ್ತಿರ ಸರಿದಂತೆ ಎಡಗಡೆಯ ಭಿನ್ನರಾಶಿಯ ಬೆಲೆಯೂ naⁿ⁻¹ ಗೆ ಹತ್ತಿರ ಹತ್ತಿರ ಬರುತ್ತದೆ. ‘ಮೇಲಿನ ಘಾತ ಮುಂದೆ ಬರುತ್ತದೆ, ಮೇಲೆ ಒಂದು ಕಡಿಮೆಯಾಗುತ್ತದೆ’ ಎಂದು ಇದನ್ನು ಬಾಯಿಪಾಠ ಮಾಡಿಕೊಂಡವರೇ ಹೆಚ್ಚು. ಲೆಕ್ಕ ಬಿಡಿಸಲು ಅಷ್ಟು ಸಾಕೂ ಹೌದು. ಆದರೆ ಘಾತವಾಗಿ ಮೇಲೆ ಕುಳಿತಿದ್ದ n ಕೆಳಗಿಳಿದು ಗುಣಕವಾಗುವುದು ಯಾಕೆ ಎಂಬ ಪ್ರಶ್ನೆ ಅಲ್ಲಿಗೆ ತೀರುವುದಿಲ್ಲ. ಅದಕ್ಕೆ ಉತ್ತರ ಸರಳವಾದ ಒಂದು ಎಣಿಕೆಯಲ್ಲಿದೆ. ಆ ಎಣಿಕೆ ಕಾಣಬೇಕಾದರೆ ಸಣ್ಣ ಸಂಖ್ಯೆಗಳಿಂದ ಶುರುಮಾಡುವುದು ಒಳ್ಳೆಯದು.

n = 3, a = 2 ಎಂದು ಇಟ್ಟುಕೊಂಡರೆ ಭಿನ್ನರಾಶಿ (x³ − 8)/(x − 2) ಆಗುತ್ತದೆ. x ನ ಜಾಗದಲ್ಲಿ ನೇರವಾಗಿ 2 ಹಾಕಿದರೆ ಅಂಶವೂ ಸೊನ್ನೆ, ಛೇದವೂ ಸೊನ್ನೆ. 0/0 ಗೆ ಬೆಲೆಯೇ ಇಲ್ಲ. ಅಂಶ ಸೊನ್ನೆಯಾದ್ದರಿಂದ ಉತ್ತರ ಸೊನ್ನೆ ಎನ್ನೋಣವೇ? ಮೇಲೆ ಕೆಳಗೆ ಒಂದೇ ಸಂಖ್ಯೆ ಇರುವುದರಿಂದ 1 ಎನ್ನೋಣವೇ? ಎರಡಕ್ಕೂ ಒಂದೊಂದು ನೆಪ ಸಿಗುತ್ತದೆ, ಎರಡೂ ತಪ್ಪು. ಹಾಗಾಗಿ x ಅನ್ನು ಸರಿಯಾಗಿ 2 ಆಗಲು ಬಿಡದೆ ಅದರ ಅಕ್ಕಪಕ್ಕ ಇರಿಸಿ ನೋಡಬೇಕು. x = 2.1 ಆದರೆ x³ = 9.261, ಅದರಿಂದ 8 ಕಳೆದು 0.1 ರಿಂದ ಭಾಗಿಸಿದರೆ 12.61. x = 2.01 ಆದರೆ ಬರುವುದು 12.0601. ಆ ಕಡೆಯಿಂದ, ಅಂದರೆ 2 ಕ್ಕಿಂತ ಕಡಿಮೆ ಇರುವ ಸಂಖ್ಯೆಗಳಿಂದ ಬಂದರೆ 1.9 ಕ್ಕೆ 11.41, 1.99 ಕ್ಕೆ 11.9401. ಎರಡೂ ಕಡೆಯ ಉತ್ತರಗಳು ನಡುವಿನ 12 ರತ್ತ ಕೂಡಿಕೊಳ್ಳುತ್ತಿವೆ. ಪ್ರಮೇಯದ ಪ್ರಕಾರವೂ 3 × 2² = 12.

ಈ ದಶಮಾಂಶಗಳನ್ನು ಸುಮ್ಮನೆ ದಾಟಿಹೋಗಬಾರದು. 12.61 ರಲ್ಲಿ 12, 0.6, 0.01 ಎಂಬ ಮೂರು ತುಂಡುಗಳಿವೆ. 12.0601 ರಲ್ಲಿ 12, 0.06, 0.0001. x ನ ಹೆಚ್ಚಳ ಹತ್ತನೇ ಒಂದು ಪಾಲಿಗೆ ಇಳಿದಾಗ ಎರಡನೇ ತುಂಡು ಹತ್ತನೇ ಒಂದಕ್ಕೆ ಇಳಿಯಿತು, ಮೂರನೆಯದು ನೂರನೇ ಒಂದಕ್ಕೆ. 12 ಮಾತ್ರ ಅಲುಗಾಡಲಿಲ್ಲ. ಈ ಮೂರು ತುಂಡುಗಳು ಎಲ್ಲಿಂದ ಬಂದವು ಎಂಬುದನ್ನು ಕಣ್ಣಾರೆ ನೋಡಲು ಸಾಧ್ಯ.

ಪ್ರತಿ ಅಂಚು a ಉದ್ದ ಇರುವ ಒಂದು ಘನವನ್ನು ಊಹಿಸಿಕೊಳ್ಳಬೇಕು. ಅದರ ಒಂದು ಮೂಲೆಯನ್ನು ಕದಲದಂತೆ ಇಟ್ಟು, ಅಂಚುಗಳನ್ನು h ನಷ್ಟು ಹಿಗ್ಗಿಸಿದರೆ ಹೊಸ ಅಂಚು x = a + h ಆಗುತ್ತದೆ. ಹೆಚ್ಚಾದ ಗಾತ್ರ x³ − a³. ಈ ಹೆಚ್ಚಳ ಏಳು ತುಂಡುಗಳಾಗಿ ಒಡೆಯುತ್ತದೆ. ಹಳೆಯ ಘನದ ಮೂರು ಮುಖಗಳ ಮೇಲೆ ಕೂರುವ ಮೂರು ಹಲಗೆಗಳು, ಒಂದೊಂದರ ಗಾತ್ರ a²h. ಹಲಗೆ ಹಲಗೆ ಸೇರುವ ಸಂದಿಯಲ್ಲಿ ನಿಲ್ಲುವ ಮೂರು ಕೋಲುಗಳು, ಒಂದೊಂದರ ಗಾತ್ರ ah². ತುದಿಯ ಮೂಲೆಯಲ್ಲಿ ಒಂದು ಪುಟ್ಟ ಘನ, ಗಾತ್ರ h³. ಎಲ್ಲವನ್ನೂ h ನಿಂದ, ಅಂದರೆ x − a ಯಿಂದ ಭಾಗಿಸಿದರೆ ಉಳಿಯುವುದು 3a² + 3ah + h². a = 2, h = 0.1 ಹಾಕಿದರೆ 12 + 0.6 + 0.01. ಮೇಲಿನ ದಶಮಾಂಶಗಳು ಇವೇ. h ಸೊನ್ನೆಯತ್ತ ಕುಗ್ಗುತ್ತಾ ಹೋದಂತೆ ಕೋಲುಗಳೂ ಪುಟ್ಟ ಘನವೂ ಲೆಕ್ಕದಿಂದ ಮಾಯವಾಗುತ್ತವೆ, ಹಲಗೆಗಳ ಪಾಲಾದ 3a² ಉಳಿಯುತ್ತದೆ. ಇಲ್ಲಿ 3 ಬಂದದ್ದು ಮೂರು ಮುಖಗಳಿಂದ. ಚೌಕವನ್ನು ಹಿಗ್ಗಿಸಿದ್ದರೆ ಎರಡು ಅಂಚುಗಳಲ್ಲಿ ಎರಡು ಪಟ್ಟಿಗಳು ಸೇರುತ್ತಿದ್ದವು, ಉತ್ತರ 2a ಆಗುತ್ತಿತ್ತು.

ನಾಲ್ಕನೇ ಘಾತಕ್ಕೆ ಹೋದರೆ ಚಿತ್ರ ಬರೆಯಲು ಆಗುವುದಿಲ್ಲ. ಅಲ್ಲಿಂದ ಮುಂದೆ ಕೈಹಿಡಿಯುವುದು ಅಪವರ್ತನ. ಹೈಸ್ಕೂಲಿನಲ್ಲಿ ಕಲಿತ x² − a² = (x − a)(x + a), x³ − a³ = (x − a)(x² + xa + a²) ಎಂಬ ನಿತ್ಯಸಮೀಕರಣಗಳ ಸಾಲಿನಲ್ಲೇ ಸಾಮಾನ್ಯ ರೂಪವೂ ಇದೆ:

xⁿ − aⁿ = (x − a)(xⁿ⁻¹ + xⁿ⁻²a + xⁿ⁻³a² + … + xaⁿ⁻² + aⁿ⁻¹)

ಇದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿಲ್ಲ. ಬಲಗಡೆಯ ಉದ್ದದ ಆವರಣವನ್ನು ಮೊದಲು x ನಿಂದ ಗುಣಿಸಿದರೆ xⁿ + xⁿ⁻¹a + xⁿ⁻²a² + … + xaⁿ⁻¹ ಬರುತ್ತದೆ. ಅದೇ ಆವರಣವನ್ನು a ಯಿಂದ ಗುಣಿಸಿದರೆ xⁿ⁻¹a + xⁿ⁻²a² + … + xaⁿ⁻¹ + aⁿ ಬರುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದಾಗ ನಡುವಿನ ಪದಗಳು ಒಂದಕ್ಕೊಂದು ವಜಾ ಆಗುತ್ತವೆ. ಮೊದಲ ಸಾಲಿನ ತಲೆಯಲ್ಲಿದ್ದ xⁿ, ಎರಡನೇ ಸಾಲಿನ ಕೊನೆಯಲ್ಲಿದ್ದ aⁿ ಇವೆರಡೇ ಉಳಿಯುತ್ತವೆ. ಗುಣೋತ್ತರ ಶ್ರೇಢಿಯ ಮೊತ್ತ ಕಂಡುಹಿಡಿಯಲು ಬಳಸುವ ಉಪಾಯವೂ ಇದೇ. ಉದ್ದದ ಆವರಣವಾದರೂ a/x ಎಂಬ ಸಾಮಾನ್ಯ ಅನುಪಾತದ ಗುಣೋತ್ತರ ಶ್ರೇಢಿಯೇ.

ಆ ಆವರಣದಲ್ಲಿ ಎಷ್ಟು ಪದಗಳಿವೆ ಎಂಬುದೇ ಇಡೀ ಪ್ರಮೇಯದ ಜೀವಾಳ. a ಯ ಘಾತ 0 ಯಿಂದ ಶುರುವಾಗಿ ಒಂದೊಂದೇ ಏರುತ್ತಾ n − 1 ರ ತನಕ ಹೋಗುತ್ತದೆ. 0 ಯಿಂದ n − 1 ರ ತನಕ ಎಣಿಸಿದರೆ ಒಟ್ಟು n. ಪ್ರತಿ ಪದದಲ್ಲೂ x ನ ಘಾತ ಮತ್ತು a ಯ ಘಾತ ಕೂಡಿದರೆ n − 1. ಆದ್ದರಿಂದ x ಹೋಗಿ a ಯನ್ನು ಸೇರುವ ಹೊತ್ತಿಗೆ ಎಲ್ಲ ಪದಗಳೂ ಒಂದೇ ಆಗುತ್ತವೆ, ಒಂದೊಂದೂ aⁿ⁻¹. ಅಂಥವು n ಇವೆ. n aⁿ⁻¹ ಎಂದರೆ ಇಷ್ಟೇ. ಮೇಲಿದ್ದ n ಕೆಳಗೆ ‘ಇಳಿದು’ ಬಂದದ್ದಲ್ಲ. ಕೆಳಗಿರುವ n ಪದಗಳ ಎಣಿಕೆ, ಘಾತದಲ್ಲಿ ಕಡಿಮೆಯಾದ ಒಂದು ಹೊಡೆದುಹಾಕಿದ (x − a) ಯ ಪಾಲು.

ಈ ವಾದದಲ್ಲಿ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ಅಂಶ ಮತ್ತು ಛೇದಗಳಿಂದ (x − a) ಯನ್ನು ಹೊಡೆದುಹಾಕುವ ಜಾಗ. x = a ಆಗಿದ್ದರೆ ಹಾಗೆ ಮಾಡುವುದು ಸೊನ್ನೆಯಿಂದ ಭಾಗಿಸಿದಂತೆ, ಅದು ನಿಷಿದ್ಧ. ಮಿತಿಯ ವ್ಯಾಖ್ಯೆಯಲ್ಲಿ x ಗೆ a ಯ ನೆರೆಹೊರೆಯಲ್ಲಿ ಓಡಾಡಲು ಮಾತ್ರ ಅನುಮತಿ ಇದೆ, ಸಾಕ್ಷಾತ್ a ಆಗಲು ಇಲ್ಲ. ಹಾಗಾಗಿ x − a ಎಷ್ಟೇ ಚಿಕ್ಕದಾದರೂ ಸೊನ್ನೆಯಲ್ಲ, ಹೊಡೆದುಹಾಕಬಹುದು. ಎರಡನೆಯದು ಪದಗಳ ಮಿತಿಗಳನ್ನು ಒಂದೊಂದಾಗಿ ತೆಗೆದು ಕೂಡಿಸುವ ಜಾಗ. ಪದಗಳ ಸಂಖ್ಯೆ ಪರಿಮಿತವಾಗಿದ್ದು, x ಬದಲಾದರೂ ಅದು ಬದಲಾಗದಿದ್ದರೆ ಮಾತ್ರ ಹಾಗೆ ಮಾಡಬಹುದು. ಇಲ್ಲಿ n ಸ್ಥಿರ ಸಂಖ್ಯೆಯಾದ್ದರಿಂದ ತೊಂದರೆಯಿಲ್ಲ.

0/0 ಯ ಗೋಜಲು ಇಂದು ನಿನ್ನೆಯದಲ್ಲ. ಬ್ರಹ್ಮಗುಪ್ತನು 628 ರ ತನ್ನ ಗ್ರಂಥದಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಬರೆದ. ಎರಡೂ ಇಂದು ನಿಲ್ಲುವ ಮಾತುಗಳಲ್ಲ. ಆದರೆ ಎರಡನೇ ಭಾಸ್ಕರ 1150 ರ ‘ಲೀಲಾವತಿ’ಯಲ್ಲಿ ಕೊಟ್ಟ ಒಂದು ನಿಯಮ ಕುತೂಹಲಕರ: ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದಾಗ, ಮುಂದೆ ಲೆಕ್ಕ ಬಾಕಿ ಇದ್ದರೆ ಅದನ್ನು ಸೊನ್ನೆ ಎಂದು ಅಳಿಸಿಬಿಡಬಾರದು, ‘ಸೊನ್ನೆ ಗುಣಕವಾಗಿರುವ ಸಂಖ್ಯೆ’ ಎಂದೇ ಇಟ್ಟುಕೊಳ್ಳಬೇಕು, ಆಮೇಲೆ ಸೊನ್ನೆಯಿಂದಲೇ ಭಾಗಿಸುವ ಸಂದರ್ಭ ಬಂದರೆ ಮೂಲ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಆತ ಕೊಟ್ಟ ಲೆಕ್ಕ ಹೀಗಿದೆ: ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಅದಕ್ಕೆ ಅದರ ಅರ್ಧವನ್ನು ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬರುತ್ತದೆ? ಉತ್ತರ 14. ಸೊನ್ನೆ ಎಂಬುದರ ಜಾಗದಲ್ಲಿ ಸೊನ್ನೆಯತ್ತ ಕುಗ್ಗುತ್ತಿರುವ h ಅನ್ನು ಇಟ್ಟು ಓದಿದರೆ ಲೆಕ್ಕ ಸರಿಯಾಗಿಯೇ ಇದೆ: ಮೇಲಿನ h ಮತ್ತು ಕೆಳಗಿನ h ಹೊಡೆದುಹೋಗಿ, 14 ಮತ್ತು 7 ಕೂಡಿ 21, ಅದರ ಮೂರರಷ್ಟು 63. ಹಾಗೆಂದು ಇದನ್ನೇ ಮಿತಿಯ ಸಿದ್ಧಾಂತ ಎಂದು ಕರೆಯುವುದು ಅತಿಯಾದೀತು. ಭಾಸ್ಕರನ ಸೊನ್ನೆ ಕುಗ್ಗುತ್ತಿರುವ ಸಂಖ್ಯೆಯಲ್ಲ, ಅದು ಸೊನ್ನೆಯೇ.

ಯೂರೋಪಿನಲ್ಲಿ 1630 ರ ದಶಕದಲ್ಲಿ ಫ್ರಾನ್ಸಿನ ಪಿಯರ್ ದ ಫರ್ಮಾ ವಕ್ರರೇಖೆಗಳಿಗೆ ಸ್ಪರ್ಶಕ ಎಳೆಯಲು, ಗರಿಷ್ಠ ಬೆಲೆ ಹುಡುಕಲು ಇಂಥದ್ದೇ ಉಪಾಯ ಬಳಸಿದ. a ಯ ಬದಲು a + e ಬರೆದು, ವ್ಯತ್ಯಾಸವನ್ನು e ಯಿಂದ ಭಾಗಿಸಿ, ಕೊನೆಗೆ e ಇರುವ ಪದಗಳನ್ನು ಬಿಟ್ಟುಬಿಡುವುದು ಅವನ ಕ್ರಮ. ಉತ್ತರ ಸರಿ ಬರುತ್ತಿತ್ತು. ಆದರೆ ಭಾಗಿಸುವಾಗ ಸೊನ್ನೆಯಲ್ಲದ e ಕೊನೆಗೆ ಸೊನ್ನೆಯಾಗುವುದು ಹೇಗೆ? ಕಲನಶಾಸ್ತ್ರದ ಬುಡಕ್ಕೇ ಏಟು ಹಾಕುವಂಥ ಈ ಆಕ್ಷೇಪವನ್ನು 1734 ರಲ್ಲಿ ಐರ್ಲೆಂಡಿನ ಪಾದ್ರಿ ಜಾರ್ಜ್ ಬರ್ಕ್ಲಿ ನ್ಯೂಟನ್ನನ ಅನುಯಾಯಿಗಳ ಮುಂದಿಟ್ಟ. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅದಕ್ಕೆ ತೃಪ್ತಿಕರ ಉತ್ತರದ ಹಾದಿ ತೆರೆದದ್ದು 1821 ರಲ್ಲಿ ಕೋಶಿ ಮಿತಿಯನ್ನೇ ಅಡಿಪಾಯವಾಗಿಸಿ ಬರೆದ ಪಠ್ಯದಿಂದ. ಅದನ್ನು ಅಸಮತೆಗಳ ಭಾಷೆಯಲ್ಲಿ ಬಿಗಿಗೊಳಿಸಿದ ಕೀರ್ತಿ ವೈಯರ್ಸ್ಟ್ರಾಸ್‌ನದು.

ಆ ಬಿಗಿಯಾದ ಭಾಷೆ ನಮ್ಮ ಘನದ ಉದಾಹರಣೆಯಲ್ಲಿ ಹೀಗೆ ಕಾಣುತ್ತದೆ. x ಎಂಬುದು 2 ಅಲ್ಲದಿದ್ದಾಗ (x³ − 8)/(x − 2) ಎಂದರೆ x² + 2x + 4. ಅದು 12 ರಿಂದ ಎಷ್ಟು ದೂರವಿದೆ? x² + 2x − 8 ನಷ್ಟು, ಅಂದರೆ (x − 2)(x + 4) ನಷ್ಟು. x ಅನ್ನು 1 ಮತ್ತು 3 ರ ನಡುವೆ ಇರಿಸಿಕೊಂಡರೆ x + 4 ಎಂಬುದು 7 ಕ್ಕಿಂತ ಕಡಿಮೆ. ಹಾಗಾಗಿ ದೂರ, |x − 2| ನ ಏಳರಷ್ಟಕ್ಕಿಂತ ಕಡಿಮೆ. ಉತ್ತರ 12 ರಿಂದ 0.01 ಕ್ಕಿಂತ ಹೆಚ್ಚು ಸರಿಯಬಾರದು ಎಂದು ಯಾರಾದರೂ ಪಟ್ಟುಹಿಡಿದರೆ, x ಅನ್ನು 2 ರಿಂದ 0.01 ರ ಏಳನೇ ಒಂದು ಪಾಲಿಗಿಂತ ಹತ್ತಿರ ಇರಿಸಿದರಾಯಿತು. 0.01 ರ ಜಾಗದಲ್ಲಿ ಎಷ್ಟೇ ಸಣ್ಣ ಧನ ಸಂಖ್ಯೆ ಕೇಳಿದರೂ ಇದೇ ಉತ್ತರ ನಡೆಯುತ್ತದೆ. ಇಲ್ಲಿ ಯಾವುದೂ ಮೊದಲು ಸೊನ್ನೆಯಲ್ಲದೆ ಇದ್ದು ಆಮೇಲೆ ಸೊನ್ನೆಯಾಗಲಿಲ್ಲ. ಬರ್ಕ್ಲಿಯ ಆಕ್ಷೇಪಕ್ಕೆ ಕಾಲಿಡಲು ಜಾಗವೇ ಉಳಿಯಲಿಲ್ಲ.

ಪ್ರಮೇಯದಲ್ಲಿ ‘ಧನ ಪೂರ್ಣಾಂಕ’ ಎಂಬ ಷರತ್ತು ಯಾಕಿದೆ ಎಂಬುದೂ ಈಗ ಸ್ಪಷ್ಟ. ಪದಗಳನ್ನು ಎಣಿಸುವುದೇ ಸಾಧನೆಯ ತಿರುಳಾದ್ದರಿಂದ n ಎಣಿಸಬಹುದಾದ ಸಂಖ್ಯೆಯಾಗಿರಬೇಕು. ಅರ್ಧ ಪದ, ಮೈನಸ್ ಮೂರು ಪದ ಎಂಬುದಿಲ್ಲ. ಸೂತ್ರ ಮಾತ್ರ ಆ ಷರತ್ತನ್ನು ದಾಟಿಯೂ ನಿಲ್ಲುತ್ತದೆ, ಆದರೆ ಬೇರೆ ಸಾಧನೆ ಬೇಕು. n = 1/2 ಆದಾಗ, a ಧನ ಸಂಖ್ಯೆಯಾಗಿದ್ದರೆ, ಛೇದದ x − a ಯನ್ನು (√x − √a)(√x + √a) ಎಂದು ಒಡೆದರೆ ಸಾಕು; ಭಿನ್ನರಾಶಿ 1/(√x + √a) ಆಗಿ, ಮಿತಿ 1/(2√a) ಎಂದು ಬರುತ್ತದೆ. ಸೂತ್ರ ಹೇಳುವುದೂ ಅದನ್ನೇ. ಇಲ್ಲಿ ಅಪವರ್ತನ ಕೆಳಗಿನ ಮಹಡಿಗೆ ಹೋಯಿತು ಅಷ್ಟೆ. a ಧನವಾಗಿದ್ದರೆ ಉಳಿದ ಭಾಗಲಬ್ಧ ಘಾತಗಳಿಗೂ ಹೀಗೆಯೇ ದಾರಿ ಮಾಡಬಹುದು. √2 ನಂಥ ಅಭಾಗಲಬ್ಧ ಘಾತಕ್ಕೆ ಮಾತ್ರ ಅಪವರ್ತನ ಕೈಕೊಡುತ್ತದೆ, ಅಲ್ಲಿ ಸಾಮಾನ್ಯವಾಗಿ ಲಾಗರಿದಮ್ ಬಳಸುತ್ತಾರೆ.

ಇನ್ನು ಲೆಕ್ಕ ಬಿಡಿಸುವಾಗ ಎಲ್ಲಿ ಎಡವುತ್ತಾರೆ ಎಂಬುದು. ಸೂತ್ರ ಹಾಕುವ ಮುನ್ನ ನೋಡಬೇಕಾದದ್ದು ಒಂದೇ: x ಯಾವುದರತ್ತ ಹೋಗುತ್ತಿದೆಯೋ ಆ ಸಂಖ್ಯೆ, ಛೇದದಲ್ಲಿ ಕಳೆದ ಸಂಖ್ಯೆ, ಅಂಶದಲ್ಲಿ ಘಾತಕ್ಕೆ ಏರಿಸಿ ಕಳೆದ ಸಂಖ್ಯೆ, ಮೂರೂ ಒಂದೇ ಇರಬೇಕು. x → 3 ಆಗಿರುವಾಗ (x³ − 8)/(x − 3) ಕಂಡರೆ ಸೂತ್ರ ಹಾಕುವಂತಿಲ್ಲ. ಅಂಶ 19 ರತ್ತ, ಛೇದ ಸೊನ್ನೆಯತ್ತ ಹೋಗುವುದರಿಂದ ಅದಕ್ಕೆ ಮಿತಿಯೇ ಇಲ್ಲ. ಕೂಡುವ ಚಿಹ್ನೆ ಬಂದಾಗಲೂ ಹುಷಾರಾಗಿರಬೇಕು. x → −2 ಆದಾಗ (x⁵ + 32)/(x + 2) ಸೂತ್ರಕ್ಕೆ ಒಗ್ಗುತ್ತದೆ, ಯಾಕೆಂದರೆ 32 ಕೂಡುವುದೆಂದರೆ (−2)⁵ ಕಳೆದಂತೆ; ಉತ್ತರ 5 × (−2)⁴ = 80. ಅದೇ ಜಾಗದಲ್ಲಿ x⁴ + 16 ಇದ್ದರೆ ಅಂಶ 32 ಆಗುತ್ತದೆ, ಸೂತ್ರ ಅಲ್ಲಿ ಹೊಂದುವುದಿಲ್ಲ.

ಹೆಚ್ಚು ಅಂಕ ಕಳೆಯುವುದು ಮಾತ್ರ ಇನ್ನೊಂದು ಬಗೆಯ ಲೆಕ್ಕ. x → 0 ಆದಾಗ ((3x + 2)⁵ − 32)/x ನ ಮಿತಿ ಏನು? 3x + 2 ಅನ್ನು y ಎಂದು ಕರೆದರೆ y → 2, ಅಂಶ y⁵ − 2⁵. ಇಲ್ಲಿಗೆ ‘80’ ಎಂದು ಬರೆದು ಕೈತೊಳೆದುಕೊಳ್ಳುವವರು ಛೇದವನ್ನು ಮರೆತಿರುತ್ತಾರೆ. ಸೂತ್ರಕ್ಕೆ ಬೇಕಾದ ಛೇದ y − 2, ಅಂದರೆ 3x, ಕೊಟ್ಟಿರುವುದು x. ಆದ್ದರಿಂದ ಮೇಲೆ ಕೆಳಗೆ 3 ರಿಂದ ಗುಣಿಸಬೇಕು, ಉತ್ತರ 3 × 80 = 240. ಅನುಮಾನವಿದ್ದರೆ ಪರೀಕ್ಷಿಸುವುದು ಸುಲಭ: x = 0.001 ಹಾಕಿದರೆ 2.003 ರ ಐದನೇ ಘಾತ ಸುಮಾರು 32.24072, ಅದರಿಂದ 32 ಕಳೆದು 0.001 ರಿಂದ ಭಾಗಿಸಿದರೆ 240.72. ಸರಿಯಾದ ಉತ್ತರ 80 ಅಲ್ಲ, 240 ಎಂಬುದಕ್ಕೆ ಅಷ್ಟು ಸಾಕ್ಷಿ ಸಾಲದೇ?

ಎರಡು ಘಾತಗಳು ಮೇಲೆ ಕೆಳಗೆ ಬಂದಾಗ ಎರಡನ್ನೂ x − a ಯಿಂದ ಭಾಗಿಸಿಕೊಂಡರೆ ಸೂತ್ರ ಎರಡು ಸಲ ಕೆಲಸ ಮಾಡುತ್ತದೆ. x → 2 ಆದಾಗ (x⁷ − 128)/(x⁴ − 16) ನ ಅಂಶದಿಂದ 7 × 64 = 448, ಛೇದದಿಂದ 4 × 8 = 32, ಭಾಗಿಸಿದರೆ 14. ತಿರುವುಮುರುವಾದ ಪ್ರಶ್ನೆಯೂ ಬರುವುದುಂಟು: x → 3 ಆದಾಗ (xⁿ − 3ⁿ)/(x − 3) ನ ಮಿತಿ 108 ಆದರೆ n ಎಷ್ಟು? n × 3ⁿ⁻¹ = 108. ಇದನ್ನು ಬೀಜಗಣಿತದಿಂದ ಬಿಡಿಸಲು ಹೊರಡುವುದು ವ್ಯರ್ಥ. 108 ಅನ್ನು 4 × 27 ಎಂದು ಒಡೆದರೆ n = 4 ಎಂದು ಕಣ್ಣಿಗೇ ಕಾಣುತ್ತದೆ. n ಹೆಚ್ಚಿದಂತೆ ಎಡಗಡೆ ಹೆಚ್ಚುತ್ತಲೇ ಹೋಗುವುದರಿಂದ ಬೇರೆ ಉತ್ತರವೂ ಇಲ್ಲ.

ಕೊನೆಯದಾಗಿ, ಕೋಚಿಂಗ್ ತರಗತಿಗಳಿಂದ ಹಬ್ಬಿರುವ ಒಂದು ಅಡ್ಡದಾರಿಯ ಮಾತು. 0/0 ಕಂಡ ಕೂಡಲೇ ಮೇಲೆ ಕೆಳಗೆ ಪ್ರತ್ಯೇಕವಾಗಿ ಅವಕಲಿಸುವ ಲೋಪಿತಾಲ್ ನಿಯಮ ಹಾಕಿದರೆ ಈ ಮಿತಿ ಒಂದೇ ಸಾಲಿನಲ್ಲಿ ಬರುತ್ತದೆ. ಬಹು ಆಯ್ಕೆಯ ಪ್ರಶ್ನೆಗೆ ಗುರುತು ಹಾಕಲು ಅಡ್ಡಿಯಿಲ್ಲ. ‘ಸಾಧಿಸಿ’ ಎಂದು ಕೇಳಿದ ಪ್ರಶ್ನೆಗೆ ಮಾತ್ರ ಅದು ಉತ್ತರವಾಗುವುದಿಲ್ಲ. ಆ ನಿಯಮ ಹಾಕಲು xⁿ ನ ಅವಕಲನ nxⁿ⁻¹ ಎಂದು ಮೊದಲೇ ಗೊತ್ತಿರಬೇಕು. a ಎಂಬಲ್ಲಿ xⁿ ನ ಅವಕಲನ ಎಂದರೇನು ಎಂದು ವ್ಯಾಖ್ಯೆಯನ್ನು ತೆರೆದು ನೋಡಿದರೆ, ಅಲ್ಲಿರುವುದು x → a ಆದಾಗ (xⁿ − aⁿ)/(x − a) ನ ಮಿತಿಯೇ. ಸಾಧಿಸಬೇಕಾದದ್ದನ್ನೇ ಬಳಸಿ ಅದನ್ನು ಸಾಧಿಸಿದಂತಾಗುತ್ತದೆ. ಅಂಥ ಪ್ರಶ್ನೆಗೆ ಅಪವರ್ತನ ಬರೆದು, x ≠ a ಎಂದು ನಮೂದಿಸಿ, n ಪದಗಳನ್ನು ಎಣಿಸಿ ತೋರಿಸುವುದೇ ಸರಿಯಾದ ಉತ್ತರ.